ಟ್ಯಾಪ್ ಮಾಡಿದ ಮೇಲೆ ಬರುವ ರಸೀದಿ: ಅದರಲ್ಲಿ ಏನಿರುತ್ತದೆ, ಅದು ಏನನ್ನು ರುಜುವಾತು ಮಾಡುತ್ತದೆ

ಅಂಗಡಿಯ ಯಂತ್ರಕ್ಕೆ ಕಾರ್ಡ್ ತಾಗಿಸಿ ಹಣ ಕೊಟ್ಟ ಮೇಲೆ ಗ್ರಾಹಕರ ಮೊಬೈಲಿಗೆ ಸಾಮಾನ್ಯವಾಗಿ ಎರಡು ಸಂದೇಶಗಳು ಬರುತ್ತವೆ. ಮೊದಲನೆಯದು ಕಾರ್ಡ್ ಕೊಟ್ಟ ಬ್ಯಾಂಕಿನದು. ಖಾತೆಯಿಂದ ಇಷ್ಟು ಹಣ ಕಡಿತವಾಯಿತು ಎಂದು ಅದು ತಿಳಿಸುತ್ತದೆ. ಎರಡನೆಯದು ಆ ಯಂತ್ರವನ್ನು ಅಂಗಡಿಗೆ ಒದಗಿಸಿದ ಬ್ಯಾಂಕ್ ಅಥವಾ ಪಾವತಿ ಕಂಪನಿಯ ಕಡೆಯಿಂದ ಬರುತ್ತದೆ. ಅದರಲ್ಲಿ ಒಂದು ಲಿಂಕ್ ಇರುತ್ತದೆ, ಒತ್ತಿದರೆ ಹಿಂದೆ ಯಂತ್ರದಿಂದ ಹೊರಬರುತ್ತಿದ್ದ ಕಾಗದದ ಚೀಟಿಯಂಥದ್ದೇ ಒಂದು ಪುಟ ತೆರೆದುಕೊಳ್ಳುತ್ತದೆ. ವ್ಯಾಪಾರಿಗಳು ಚಾರ್ಜ್ ಸ್ಲಿಪ್ ಎಂದು ಕರೆಯುವುದು ಈ ಎರಡನೆಯದನ್ನು. ಇಲ್ಲಿ ಡಿಜಿಟಲ್ ರಸೀದಿ ಎಂದರೆ ಅದೇ. ಅಂಗಡಿಯವರು ಕೊಡುವ ಸರಕಿನ ಬಿಲ್ಲು ಈ ಎರಡಕ್ಕೂ ಸೇರದ ಮೂರನೆಯ ದಾಖಲೆ. ಇವು ಮೂರೂ ಒಂದೇ ಎಂದು ತಿಳಿಯುವುದರಿಂದಲೇ ಮುಂದೆ ತಕರಾರು ಬಂದಾಗ ಅರ್ಧ ಗೊಂದಲ ಹುಟ್ಟುತ್ತದೆ.

ಚೀಟಿ ಮೊಬೈಲಿಗೆ ಬರತೊಡಗಿದ್ದರಿಂದ ಒಂದು ಹಳೆಯ ತೊಂದರೆ ತಪ್ಪಿತು. ಯಂತ್ರದ ಕಾಗದ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಪರ್ಸಿನಲ್ಲಿ ಕೆಲವು ತಿಂಗಳಿದ್ದರೆ ಅಕ್ಷರ ಮಾಸಿ, ವಾರಂಟಿ ಕೇಳಲು ಹೋಗುವ ಹೊತ್ತಿಗೆ ಬಿಳಿ ಚೂರಾಗಿರುತ್ತಿತ್ತು. ಡಿಜಿಟಲ್ ಚೀಟಿ ಮಾಸುವುದಿಲ್ಲ. ಆದರೆ ಅದರ ಲಿಂಕಿಗೂ ಆಯಸ್ಸಿದೆ. ಕಳಿಸಿದ ಕಂಪನಿ ಆ ಪುಟವನ್ನು ತೆಗೆದುಹಾಕಿದ ಮೇಲೆ ಎಸ್‌ಎಂಎಸ್ ಉಳಿದಿದ್ದರೂ ಒಳಗೆ ಏನೂ ಸಿಗುವುದಿಲ್ಲ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳಬಹುದು. 2025ರ ಮಾರ್ಚ್ 14ರ ಸಂಜೆ ಹುಬ್ಬಳ್ಳಿಯ ಒಂದು ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ಗ್ರಾಹಕರೊಬ್ಬರು ₹4,350ರ ಮಿಕ್ಸಿ ಕೊಂಡು ರುಪೇ ಕಾರ್ಡನ್ನು ಟ್ಯಾಪ್ ಮಾಡಿದರು ಎನ್ನೋಣ. ಅಂಗಡಿಯ ಹೆಸರು, ವಿಳಾಸ ಬಿಟ್ಟರೆ ರಸೀದಿಯ ಉಳಿದ ಭಾಗ ಹೆಚ್ಚುಕಡಿಮೆ ಹೀಗಿರುತ್ತದೆ:

```
DATE: 14/03/2025    TIME: 18:42:07
MID: 0370XXXXXXXXXXX  TID: 41XXXXXX
BATCH: 000212       INV: 001874
SALE
CARD: **** **** **** 7316  CONTACTLESS
AID: A0000005241010
APPR CODE: 482913
RRN: 507318004471
TC: 9F3B61C07A24D85E
AMOUNT: Rs. 4350.00
PIN NOT REQUIRED FOR CONTACTLESS TRANSACTION
```

ಮೇಲಿನ ಸಾಲುಗಳು ಅಂಗಡಿಯನ್ನು ಗುರುತಿಸುತ್ತವೆ. `MID` ವ್ಯಾಪಾರಿಯ ಸಂಖ್ಯೆ, `TID` ಯಂತ್ರದ ಸಂಖ್ಯೆ. ಒಂದೇ ಅಂಗಡಿಯಲ್ಲಿ ಮೂರು ಗಲ್ಲಾಗಳಿದ್ದರೆ ವ್ಯಾಪಾರಿಯ ಸಂಖ್ಯೆ ಒಂದೇ ಇದ್ದು ಯಂತ್ರದ ಸಂಖ್ಯೆ ಮೂರು ಇರಬಹುದು. ಅಂಗಡಿಯ ಹೆಸರಿಗಿಂತ ಈ ಸಂಖ್ಯೆಗಳನ್ನು ನಂಬುವುದು ಮೇಲು. ಬೋರ್ಡಿನ ಮೇಲೆ ಒಂದು ಹೆಸರು, ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರು ಇನ್ನೊಂದು ಎಂಬುದು ಸಾಮಾನ್ಯ ಸಂಗತಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಪರಿಚಿತ ಹೆಸರು ಕಂಡು ಮೋಸವೆಂದು ಗಾಬರಿಯಾಗುವವರಲ್ಲಿ ಎಷ್ಟೋ ಜನ ತಾವೇ ಹೋಗಿದ್ದ ಅಂಗಡಿಯ ಮಾಲೀಕರ ಸಂಸ್ಥೆಯ ಹೆಸರನ್ನು ಓದುತ್ತಿರುತ್ತಾರೆ. ವಿಳಾಸದ ವಿಷಯದಲ್ಲೂ ಎಚ್ಚರ ಬೇಕು. ಚೀಟಿಯ ಮೇಲಿರುವುದು ಯಂತ್ರ ಕೊಡುವಾಗ ದಾಖಲಿಸಿದ ವಿಳಾಸ. ಸಿಮ್ ಹಾಕಿದ ಕೈಯಂತ್ರವನ್ನು ಹುಬ್ಬಳ್ಳಿಯಿಂದ ಧಾರವಾಡದ ವಸ್ತುಪ್ರದರ್ಶನಕ್ಕೆ ಒಯ್ದು ಅಲ್ಲಿ ವ್ಯಾಪಾರ ಮಾಡಿದರೂ ಚೀಟಿ ಹುಬ್ಬಳ್ಳಿ ಎಂದೇ ಹೇಳಬಹುದು. ವಹಿವಾಟು ಯಾವ ಯಂತ್ರದಲ್ಲಿ ನಡೆಯಿತೆಂದು ರಸೀದಿ ತಿಳಿಸುತ್ತದೆ. ಆ ಯಂತ್ರ ಆಗ ಎಲ್ಲಿತ್ತೆಂದು ತಿಳಿಸುವುದಿಲ್ಲ.

ಕಾರ್ಡಿನ ಸಂಖ್ಯೆಯಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ, ಉಳಿದದ್ದು ನಕ್ಷತ್ರ ಚಿಹ್ನೆ. ಚೀಟಿ ಬೇರೆಯವರ ಕೈಗೆ ಸಿಕ್ಕರೆ ಕಾರ್ಡ್ ದುರ್ಬಳಕೆಯಾಗದಿರಲಿ ಎಂದು ಈ ಮರೆ. ಕಾರ್ಡನ್ನು ಯಂತ್ರದೊಳಗೆ ತೂರಿಸಿದಾಗ ಬರುವ ಚೀಟಿಯಲ್ಲಿ ಕೆಲವೊಮ್ಮೆ ಕಾರ್ಡುದಾರರ ಹೆಸರೂ ಇರುತ್ತದೆ. ಟ್ಯಾಪ್ ಮಾಡಿದಾಗ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಗಾಳಿಯ ಮೂಲಕ ಹೋಗುವ ಮಾಹಿತಿಯಲ್ಲಿ ಹೆಸರನ್ನು ಸೇರಿಸದಿರುವುದು ರೂಢಿ. ಇನ್ನೊಂದು ಸೂಕ್ಷ್ಮ ಫೋನಿನದು. ಫೋನಿನಲ್ಲಿ ಕಾರ್ಡ್ ಸೇರಿಸಿದಾಗ ಅಸಲಿ ಸಂಖ್ಯೆಯ ಬದಲಿಗೆ ಟೋಕನ್ ಎಂಬ ಬದಲಿ ಸಂಖ್ಯೆಯೊಂದು ಫೋನಿನಲ್ಲಿ ಕೂರುತ್ತದೆ. ಫೋನ್ ತಾಗಿಸಿ ಹಣ ಕೊಟ್ಟರೆ ರಸೀದಿಯಲ್ಲಿ ಆ ಟೋಕನ್ನಿನ ಕೊನೆಯ ನಾಲ್ಕು ಅಂಕಿ ಬರಬಹುದು. ಕೈಯಲ್ಲಿರುವ ಕಾರ್ಡಿಗೆ ಅದು ಹೊಂದದಿದ್ದರೆ ರಸೀದಿ ಸುಳ್ಳೆಂದು ಅರ್ಥವಲ್ಲ. ಫೋನಿನ ಪಾವತಿ ಆ್ಯಪಿನಲ್ಲಿ ಆ ಕಾರ್ಡಿನ ವಿವರ ತೆರೆದರೆ ಟೋಕನ್ನಿನ ಕೊನೆಯ ಅಂಕಿಗಳು ಸಾಮಾನ್ಯವಾಗಿ ಸಿಗುತ್ತವೆ.

`AID` ಎನ್ನುವುದು ಕಾರ್ಡಿನ ಚಿಪ್ಪಿನಲ್ಲಿರುವ ಪಾವತಿ ತಂತ್ರಾಂಶದ ಗುರುತು. `A000000524` ಎಂದು ಶುರುವಾದರೆ ರುಪೇ, `A000000003` ಆದರೆ ವೀಸಾ, `A000000004` ಆದರೆ ಮಾಸ್ಟರ್‌ಕಾರ್ಡ್. ಇದು ಗ್ರಾಹಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಅದರ ಕೆಳಗಿನ ಎರಡು ಸಂಖ್ಯೆಗಳು.

ಆರು ಅಕ್ಷರದ ಅಪ್ರೂವಲ್ ಕೋಡನ್ನು ಕೊಡುವುದು ಕಾರ್ಡ್ ನೀಡಿದ ಬ್ಯಾಂಕ್. ಅಂಗಡಿಯ ಯಂತ್ರ ಕೇಳಿದ ಪ್ರಶ್ನೆಗೆ ಅದು ‘ಆಗಲಿ’ ಎಂದು ಉತ್ತರಿಸಿದ್ದಕ್ಕೆ ಇದೇ ಗುರುತು. ಯಂತ್ರ ತಾನಾಗಿ ಇದನ್ನು ಹುಟ್ಟಿಸುವುದಿಲ್ಲ, ಅಂಗಡಿಯವರೂ ಬರೆಯಲಾರರು. `RRN`, ಅಂದರೆ ಹುಡುಕಾಟಕ್ಕೆಂದೇ ಇರುವ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ, ಆ ವಹಿವಾಟಿನ ಜೊತೆ ಎಲ್ಲ ಕಡೆಗೂ ಪ್ರಯಾಣ ಮಾಡುತ್ತದೆ: ಯಂತ್ರ ಕೊಟ್ಟ ಬ್ಯಾಂಕಿಗೆ, ಅಲ್ಲಿಂದ ರುಪೇ ಅಥವಾ ವೀಸಾದಂಥ ಜಾಲಕ್ಕೆ, ಅಲ್ಲಿಂದ ಕಾರ್ಡಿನ ಬ್ಯಾಂಕಿಗೆ. ಮೂರೂ ಕಡೆ ಅದೇ ಸಂಖ್ಯೆಯಡಿ ಒಂದೊಂದು ದಾಖಲೆ ಉಳಿಯುತ್ತದೆ.

ಈ ಸಂಖ್ಯೆಯನ್ನು ಅನೇಕ ವ್ಯವಸ್ಥೆಗಳು ಒಂದು ಕ್ರಮದಲ್ಲಿ ಕಟ್ಟುತ್ತವೆ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಮುಂದಿನ ಮೂರು, ಆ ವರ್ಷದ ಎಷ್ಟನೆಯ ದಿನ ಎಂಬುದು. ಆಮೇಲಿನ ಎರಡು ಗಂಟೆ. ಉಳಿದ ಆರು ಸರಣಿ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ `5` ಎಂದರೆ 2025. `073` ಎಂದರೆ ಎಪ್ಪತ್ತಮೂರನೆಯ ದಿನ: ಜನವರಿಯ 31, ಫೆಬ್ರುವರಿಯ 28, ಮಾರ್ಚಿನ 14 ಕೂಡಿದರೆ ಅಷ್ಟೇ ಆಗುತ್ತದೆ. `18` ಎಂದರೆ ಸಂಜೆ ಆರರಿಂದ ಏಳರ ನಡುವೆ. ಕೆಲವು ಜಾಲಗಳು ಗಂಟೆಯನ್ನು ಗ್ರೀನಿಚ್ ಕಾಲದಲ್ಲಿ ಬರೆಯುವುದರಿಂದ ಅದು ಐದೂವರೆ ಗಂಟೆ ಹಿಂದಿನದ್ದಾಗಿ ಕಾಣಬಹುದು. ಕೆಲವು ಈ ಕ್ರಮವನ್ನೇ ಪಾಲಿಸದಿರಬಹುದು. ಹಾಗಾಗಿ ಲೆಕ್ಕ ಹೊಂದದಿದ್ದ ಮಾತ್ರಕ್ಕೆ ರಸೀದಿ ನಕಲಿ ಎಂದು ತೀರ್ಮಾನಿಸಲಾಗದು. ಆದರೆ ಅದೇ ಅಂಗಡಿಯ ಹತ್ತು ರಸೀದಿಗಳಲ್ಲಿ ಕ್ರಮ ಹೊಂದಿ, ತಿದ್ದಿದ ಅನುಮಾನವಿರುವ ಒಂದರಲ್ಲಿ ಮಾತ್ರ ಮೇಲಿನ ದಿನಾಂಕಕ್ಕೂ ಈ ಸಂಖ್ಯೆಗೂ ತಾಳೆಯಾಗದಿದ್ದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯಿದೆ. ಕಚೇರಿಗಳಲ್ಲಿ ಪ್ರಯಾಣದ ಖರ್ಚಿನ ಚೀಟಿ ಪರಿಶೀಲಿಸುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು. ದಿನಾಂಕ ತಿದ್ದುವವರು ಮೇಲಿನ ಸಾಲನ್ನು ತಿದ್ದುತ್ತಾರೆ, ಈ ಹನ್ನೆರಡು ಅಂಕಿಗಳನ್ನು ಮರೆಯುತ್ತಾರೆ.

ಚಿಪ್ ಹಾಕಿದ ಮೊಹರು

ರಸೀದಿಯಲ್ಲಿ ಯಾರೂ ಓದದ ಸಾಲು `TC` ಎಂಬುದರ ಮುಂದಿರುವ ಹದಿನಾರು ಅಕ್ಷರಗಳು. ತಾಂತ್ರಿಕವಾಗಿ ಇಡೀ ಚೀಟಿಯಲ್ಲಿ ಅತಿ ಗಟ್ಟಿಯಾದ ಸಾಕ್ಷ್ಯ ಅದೇ.

ಕಾರ್ಡ್ ಯಂತ್ರದ ಹತ್ತಿರ ಬಂದಾಗ ಯಂತ್ರ ಅದಕ್ಕೆ ಕೆಲವು ವಿವರ ಕೊಡುತ್ತದೆ. ಅವುಗಳಲ್ಲಿ ಮುಖ್ಯವಾದವು ಮೊತ್ತ ಮತ್ತು ಆ ಕ್ಷಣಕ್ಕೆ ಯಂತ್ರ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆ. ಕಾರ್ಡಿನ ಬಗೆಯನ್ನು ಅವಲಂಬಿಸಿ ದಿನಾಂಕ, ದೇಶ, ಹಣದ ನಮೂನೆಯೂ ಸೇರುತ್ತವೆ. ಚಿಪ್ ತನ್ನೊಳಗೆ ಒಂದು ಎಣಿಕೆ ಇಟ್ಟುಕೊಂಡಿರುತ್ತದೆ, ಪ್ರತಿ ವಹಿವಾಟಿಗೂ ಅದು ಒಂದು ಏರುತ್ತದೆ. ಇವೆಲ್ಲವನ್ನೂ ಸೇರಿಸಿ, ತನ್ನೊಳಗೆ ಬಚ್ಚಿಟ್ಟ ಗುಪ್ತ ಕೀಲಿಯಿಂದ ಲೆಕ್ಕ ಹಾಕಿ, ಚಿಪ್ ಈ ಹದಿನಾರು ಅಕ್ಷರಗಳ ಮೊಹರನ್ನು ಕೊಡುತ್ತದೆ. ಮೊತ್ತದಲ್ಲಿ ಒಂದು ಪೈಸೆ ಬದಲಾದರೂ ಮೊಹರು ಬೇರೆಯಾಗುತ್ತದೆ. ಎಣಿಕೆ ಪ್ರತಿ ಬಾರಿ ಏರುವುದರಿಂದ ಇಂದಿನ ಮೊಹರನ್ನು ಕದ್ದು ನಾಳೆ ಬಳಸಲು ಬರುವುದಿಲ್ಲ. ಕೀಲಿಯ ಜೋಡಿ ಇರುವುದು ಕಾರ್ಡ್ ಕೊಟ್ಟ ಬ್ಯಾಂಕಿನ ಬಳಿ ಮಾತ್ರ; ಅದು ತಾನೂ ಅದೇ ಲೆಕ್ಕ ಮಾಡಿ, ಉತ್ತರ ಹೊಂದಿದರೆ ಮುಂದೆ ಹೋಗುತ್ತದೆ.

ಟ್ಯಾಪ್ ಮಾಡುವಾಗ ಕಾರ್ಡ್ ಯಂತ್ರದ ಬಳಿ ಇರುವುದು ಅರೆಕ್ಷಣ. ಬ್ಯಾಂಕಿನ ಉತ್ತರ ಬರುವ ಹೊತ್ತಿಗೆ ಅದು ಮತ್ತೆ ಪರ್ಸು ಸೇರಿರುತ್ತದೆ. ಹೀಗಾಗಿ ಸಾಲಿನ ಹೆಸರು `TC`, ಅಂದರೆ ವಹಿವಾಟಿನ ಪ್ರಮಾಣಪತ್ರ ಎಂದಿದ್ದರೂ, ಟ್ಯಾಪ್ ರಸೀದಿಯಲ್ಲಿ ಅಲ್ಲಿರುವುದು ಬಹುಪಾಲು ‘ಬ್ಯಾಂಕನ್ನು ಕೇಳು’ ಎಂದು ಚಿಪ್ ಕೊಟ್ಟ ಕೋರಿಕೆಯ ಮೊಹರು. ಒಪ್ಪಿಗೆ ಸಿಕ್ಕಿದ್ದನ್ನು ತಿಳಿಯಲು ಪಕ್ಕದ ಅಪ್ರೂವಲ್ ಕೋಡನ್ನೇ ನೋಡಬೇಕು.

ಈ ಮೊಹರಿಗೂ ಮಿತಿಯಿದೆ. ಚಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವ ವಿವರಗಳಲ್ಲಿ ಸಾಮಾನ್ಯವಾಗಿ ಅಂಗಡಿಯ ಹೆಸರಿಲ್ಲ, ಸರಕಿನ ಹೆಸರಂತೂ ಇಲ್ಲವೇ ಇಲ್ಲ. ಈ ಕಾರ್ಡು ಇಷ್ಟು ಮೊತ್ತಕ್ಕೆ ತಲೆದೂಗಿತು ಎಂಬಲ್ಲಿಗೆ ಅದರ ಸಾಕ್ಷ್ಯ ನಿಲ್ಲುತ್ತದೆ. ಮೇಲಾಗಿ ಗ್ರಾಹಕರಾಗಲಿ ಅಂಗಡಿಯವರಾಗಲಿ ಪೊಲೀಸರಾಗಲಿ ಹದಿನಾರು ಅಕ್ಷರಗಳನ್ನು ದಿಟ್ಟಿಸಿ ಸರಿಯೋ ತಪ್ಪೋ ಎಂದು ಹೇಳಲಾರರು. ಕೀಲಿ ಇರುವ ಬ್ಯಾಂಕೇ ಹೇಳಬೇಕು.

ಕಾರ್ಡ್ ಬಂದಿತ್ತು, ಯಾರು ತಂದಿದ್ದರು?

ಮೊಹರು ಮತ್ತು ಅಪ್ರೂವಲ್ ಕೋಡ್ ಒಟ್ಟಿಗೆ ಇದ್ದರೆ ಆ ಸಮಯಕ್ಕೆ ಆ ಯಂತ್ರದ ಮುಂದೆ ಅಸಲಿ ಚಿಪ್ ಮಾತಾಡಿತು, ಬ್ಯಾಂಕ್ ಒಪ್ಪಿತು ಎಂಬುದು ಬಹಳ ಮಟ್ಟಿಗೆ ಖಚಿತ. ‘ಬಹಳ ಮಟ್ಟಿಗೆ’ ಎನ್ನಲು ಕಾರಣವಿದೆ: ಕಾರ್ಡಿನ ಬಳಿ ಒಂದು ಸಾಧನ, ಯಂತ್ರದ ಬಳಿ ಇನ್ನೊಂದು ಇಟ್ಟುಕೊಂಡು ಇಬ್ಬರ ಮಾತನ್ನೂ ದೂರಕ್ಕೆ ಸಾಗಿಸುವ ರಿಲೇ ದಾಳಿ ಸಾಧ್ಯವೆಂದು ಸಂಶೋಧಕರು ತೋರಿಸಿದ್ದಾರೆ. ಅದು ಅಪರೂಪ. ದಿನನಿತ್ಯದ ತೊಂದರೆ ಅದಕ್ಕಿಂತ ಸರಳವಾದದ್ದು, ಕಳೆದುಹೋದ ಕಾರ್ಡ್.

ಭಾರತದಲ್ಲಿ ಪಿನ್ ಇಲ್ಲದೆ ಟ್ಯಾಪ್ ಮಾಡಲು 2015ರಲ್ಲಿ ರಿಸರ್ವ್ ಬ್ಯಾಂಕ್ ₹2,000ದ ಮಿತಿ ಇಟ್ಟಿತ್ತು. 2021ರ ಜನವರಿ 1ರಿಂದ ಅದು ₹5,000 ಆಯಿತು. ಹುಬ್ಬಳ್ಳಿಯ ರಸೀದಿಯ ಕೊನೆಯ ಸಾಲು ಹೇಳುವುದು ಇದನ್ನೇ: ಪಿನ್ ಬೇಕಿರಲಿಲ್ಲ. ಅಂದರೆ ಕಾರ್ಡ್ ಹಿಡಿದವರು ಅದರ ಒಡೆಯರೇ ಎಂದು ಯಾರೂ ಪರೀಕ್ಷಿಸಿಲ್ಲ. ಕಳ್ಳರು ಟ್ಯಾಪ್ ಮಾಡಿದ್ದರೂ ಬರುವ ರಸೀದಿ ಅಕ್ಷರಶಃ ಹೀಗೇ ಇರುತ್ತಿತ್ತು. ಮೊತ್ತ ₹5,000 ದಾಟಿ ಪಿನ್ ಒತ್ತಿದ್ದರೆ ಪಿನ್ ಸರಿಯಾಗಿತ್ತೆಂಬ ಸಾಲು ಬರುತ್ತದೆ, ಆಗ ವ್ಯಕ್ತಿಯ ಬಗ್ಗೆಯೂ ಸ್ವಲ್ಪ ಸಾಕ್ಷ್ಯ ಸಿಕ್ಕಂತೆ. ಬೆರಳಚ್ಚು ಅಥವಾ ಲಾಕ್ ತೆಗೆದು ಫೋನಿನಿಂದ ಟ್ಯಾಪ್ ಮಾಡಿದ್ದರೆ, ಸಾಧನವೇ ವ್ಯಕ್ತಿಯನ್ನು ಪರೀಕ್ಷಿಸಿತು ಎಂಬ ಮಾಹಿತಿ ಬ್ಯಾಂಕಿಗೆ ಹೋಗುತ್ತದೆ. ಹೀಗಾಗಿ ಒಂದೇ ಮೊತ್ತದ ಎರಡು ಟ್ಯಾಪ್‌ಗಳಲ್ಲಿ ಫೋನಿನದು ಹೆಚ್ಚು ಹೇಳುತ್ತದೆ, ಕಾರ್ಡಿನದು ಕಡಿಮೆ.

ಕಾರ್ಡ್ ಕಳೆದವರಿಗೆ ಇದರಿಂದ ಎರಡು ಅನುಕೂಲಗಳಿವೆ. ‘ರಸೀದಿ ಇದೆ, ಆದ್ದರಿಂದ ನೀವೇ ಕೊಂಡಿರಿ’ ಎಂಬ ವಾದ ಪಿನ್ ಇಲ್ಲದ ವಹಿವಾಟಿನಲ್ಲಿ ನಿಲ್ಲುವುದಿಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಅನಧಿಕೃತ ವಹಿವಾಟಿನಲ್ಲಿ ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಇನ್ನೊಂದು ಅನುಕೂಲ ತನಿಖೆಗೆ ಸಂಬಂಧಿಸಿದ್ದು. ಡಿಜಿಟಲ್ ರಸೀದಿ ಹೋಗಬೇಕಾದರೆ ಯಾರೋ ಯಂತ್ರದಲ್ಲಿ ಒಂದು ಮೊಬೈಲ್ ಸಂಖ್ಯೆ ಒತ್ತಿರಬೇಕು. ಕಳ್ಳರು ಅಜಾಗರೂಕತೆಯಿಂದ ತಮ್ಮದೇ ಸಂಖ್ಯೆ ಹೇಳಿದ್ದರೆ ಅದು ಯಂತ್ರ ಒದಗಿಸಿದ ಕಂಪನಿಯ ದಾಖಲೆಯಲ್ಲಿ ಸಿಗಬಹುದು. ಯಂತ್ರದ ಸಂಖ್ಯೆಯಿಂದ ಗಲ್ಲಾ, ಸಮಯದಿಂದ ಸಿಸಿಟಿವಿಯ ನಿಮಿಷ ಗೊತ್ತಾಗುತ್ತದೆ. ಕಾರ್ಡುದಾರರ ಕೈಗೆ ಇಂಥ ರಸೀದಿ ಬರುವುದಿಲ್ಲವಾದರೂ ಬ್ಯಾಂಕಿನ ಎಸ್‌ಎಂಎಸ್ ಬರುತ್ತದೆ. ಅದರ ಆಧಾರದ ಮೇಲೆ ಚಾರ್ಜ್ ಸ್ಲಿಪ್ಪಿನ ಪ್ರತಿ ತರಿಸುವಂತೆ ಬ್ಯಾಂಕನ್ನು ಕೇಳಬಹುದು.

ಚೀಟಿ ಹೇಳದ ಸಂಗತಿಗಳು

₹4,350 ಎಂದಿದೆ, ಮಿಕ್ಸಿ ಎಂದಿಲ್ಲ. ಚಾರ್ಜ್ ಸ್ಲಿಪ್ ಹಣದ ದಾಖಲೆ, ಸರಕಿನ ದಾಖಲೆಯಲ್ಲ. ಯಾವ ಕಂಪನಿಯ ಯಾವ ಮಾದರಿ, ಸೀರಿಯಲ್ ಸಂಖ್ಯೆ ಏನು, ಜಿಎಸ್‌ಟಿ ಎಷ್ಟು, ಅಂಗಡಿಯ ಜಿಎಸ್‌ಟಿ ನೋಂದಣಿ ಸಂಖ್ಯೆ ಯಾವುದು ಎಂಬುದೆಲ್ಲ ಬಿಲ್ಲಿನಲ್ಲಿ ಇರಬೇಕು. ವಾರಂಟಿಗೆ ಚಾರ್ಜ್ ಸ್ಲಿಪ್ ಮಾತ್ರ ತೋರಿಸಿದರೆ ಸರ್ವೀಸ್ ಸೆಂಟರಿನವರು ಒಪ್ಪದಿದ್ದರೆ ಅವರದು ತಪ್ಪೆನ್ನಲಾಗದು. ಮೊಬೈಲಿಗೆ ರಸೀದಿ ಬರುತ್ತದಲ್ಲ ಎಂದು ಬಿಲ್ಲು ಕೊಡದೆ ಕಳಿಸುವ ಅಂಗಡಿಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿಗೆ ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಲ್ಲು ಮತ್ತು ಸ್ಲಿಪ್ ಎರಡೂ ಇದ್ದು ಮೊತ್ತ, ದಿನಾಂಕ, ಸಾಧ್ಯವಾದರೆ ನಿಮಿಷವೂ ಹೊಂದಿದರೆ ಮಾತ್ರ ‘ಈ ಸರಕಿಗೆ ಈ ಹಣ’ ಎಂಬ ಜೋಡಣೆ ಪೂರ್ತಿಯಾಗುತ್ತದೆ.

ಹಣ ಅಂಗಡಿಯವರಿಗೆ ತಲುಪಿತೆಂದೂ ಸ್ಲಿಪ್ ಹೇಳುವುದಿಲ್ಲ. ಟ್ಯಾಪ್ ಮಾಡಿದ ಕ್ಷಣದಲ್ಲಿ ಆಗುವುದು ಒಪ್ಪಿಗೆ ಮಾತ್ರ. ದಿನದ ವಹಿವಾಟುಗಳೆಲ್ಲ ಒಂದು ಕಟ್ಟಾಗಿ, ಅಂದರೆ `BATCH` ಎಂದು ಚೀಟಿಯಲ್ಲಿರುವ ಸಂಖ್ಯೆಯಡಿ, ಆಮೇಲೆ ಸೆಟಲ್‌ಮೆಂಟಿಗೆ ಹೋಗುತ್ತವೆ. ಅದಕ್ಕೆ ಮುಂಚೆ ಅಂಗಡಿಯವರು ವಹಿವಾಟನ್ನು ರದ್ದು ಮಾಡಬಹುದು. ಆಗ `VOID` ಎಂಬ ಇನ್ನೊಂದು ರಸೀದಿ ಹುಟ್ಟುತ್ತದೆ, ಮೊದಲಿನದು ಮಾತ್ರ ಗ್ರಾಹಕರ ಫೋನಿನಲ್ಲಿ ಹಾಗೆಯೇ ಉಳಿದಿರುತ್ತದೆ. ರದ್ದಾದ ವಹಿವಾಟಿನ ಹಳೆಯ ರಸೀದಿಯನ್ನು ತೋರಿಸಿ ಕಚೇರಿಯಿಂದ ಖರ್ಚು ವಸೂಲು ಮಾಡುವ ಚಾಲಾಕಿತನ ಸಾಧ್ಯವಾಗುವುದು ಇದರಿಂದ. ಅದನ್ನು ಹಿಡಿಯಬಲ್ಲದ್ದು ತಿಂಗಳ ಸ್ಟೇಟ್‌ಮೆಂಟ್.

ಸೆಟಲ್‌ಮೆಂಟ್ ಆದ ಮೇಲೆ ಹಣ ವಾಪಸು ಕೊಡುವುದು ರೀಫಂಡ್. ಅದು ಬೇರೆಯೇ ವಹಿವಾಟು, ಅದರ ಉಲ್ಲೇಖ ಸಂಖ್ಯೆಯೂ ಬೇರೆ. ರೀಫಂಡ್ ಬರಲಿಲ್ಲ ಎಂದು ಬ್ಯಾಂಕಿಗೆ ದೂರು ಕೊಡುವಾಗ ಖರೀದಿಯ ರಸೀದಿಯೊಂದನ್ನೇ ಲಗತ್ತಿಸಿದರೆ ಬ್ಯಾಂಕಿಗೆ ಖರೀದಿ ಸಿಗುತ್ತದೆ, ರೀಫಂಡ್ ಸಿಗುವುದಿಲ್ಲ. ರೀಫಂಡಿನ ಸ್ಲಿಪ್ ಅಥವಾ ಅದರ ಸಂಖ್ಯೆಯನ್ನು ಅಂಗಡಿಯವರಿಂದ ಕೇಳಿ ಪಡೆಯಬೇಕು.

ಎರಡು ಸಲ ಕಡಿತ, ಒಂದೇ ರಸೀದಿ

ಹುಬ್ಬಳ್ಳಿಯ ಮಿಕ್ಸಿಗೆ ಇನ್ನೊಂದು ತಿರುವು ಕೊಡೋಣ. ಗ್ರಾಹಕರು 6 ಗಂಟೆ 39 ನಿಮಿಷಕ್ಕೆ ಮೊದಲ ಸಲ ಟ್ಯಾಪ್ ಮಾಡಿದರು. ಯಂತ್ರ ಸ್ವಲ್ಪ ಹೊತ್ತು ಸುತ್ತಿ ‘ವಹಿವಾಟು ವಿಫಲ’ ಎಂದಿತು. ಅಂಗಡಿಯವರು ಇನ್ನೊಮ್ಮೆ ಎಂದರು. 6 ಗಂಟೆ 42 ನಿಮಿಷದ ಟ್ಯಾಪ್ ಯಶಸ್ವಿಯಾಗಿ ಮೇಲಿನ ರಸೀದಿ ಬಂತು. ಮನೆಗೆ ಹೋಗಿ ನೋಡಿದರೆ ಬ್ಯಾಂಕಿನಿಂದ ಎರಡು ಕಡಿತದ ಎಸ್‌ಎಂಎಸ್, ತಲಾ ₹4,350.

ನಡೆದದ್ದು ಬಹುಶಃ ಹೀಗೆ. ಮೊದಲ ಕೋರಿಕೆ ಕಾರ್ಡಿನ ಬ್ಯಾಂಕಿಗೆ ತಲುಪಿತು, ಬ್ಯಾಂಕ್ ಹಣ ಕಡಿದು ಒಪ್ಪಿಗೆ ಕಳಿಸಿತು, ಆ ಉತ್ತರ ಹಿಂದಿರುಗುವ ದಾರಿಯಲ್ಲಿ ಕಳೆದುಹೋಯಿತು. ಕಾದು ಸಾಕಾದ ಯಂತ್ರ ವಿಫಲ ಎಂದು ಬರೆದುಕೊಂಡಿತು. ಇಂಥ ಸಂದರ್ಭಕ್ಕೆಂದೇ ‘ಹಿಂದಿನದನ್ನು ರದ್ದು ಮಾಡಿ’ ಎನ್ನುವ ರಿವರ್ಸಲ್ ಸಂದೇಶವನ್ನು ಯಂತ್ರ ತಾನಾಗಿ ಕಳಿಸುತ್ತದೆ. ಅದೂ ತಲುಪದಿದ್ದರೆ ಎರಡೂ ಕಡೆಯ ಲೆಕ್ಕ ತಾಳೆ ನೋಡುವವರೆಗೆ ಹಣ ನಡುವೆ ಸಿಕ್ಕಿಬೀಳುತ್ತದೆ. ಮೊದಲ ಕಡಿತದ ಹಣ ಅಂಗಡಿಯವರಿಗೆ ಬಂದಿರುವುದಿಲ್ಲ. ಅವರ ಮೇಲೆ ಕೂಗಾಡಿ ಫಲವಿಲ್ಲ.

2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಈ ಸ್ಥಿತಿಯನ್ನು ನೇರವಾಗಿ ವಿವರಿಸುತ್ತದೆ: ಅಂಗಡಿಯ ಯಂತ್ರದ ವಹಿವಾಟಿನಲ್ಲಿ ಖಾತೆಯಿಂದ ಹಣ ಹೋಗಿದ್ದು, ಅಂಗಡಿಗೆ ದೃಢೀಕರಣ ಬಾರದೆ, ಅಂದರೆ ಚಾರ್ಜ್ ಸ್ಲಿಪ್ ಹುಟ್ಟದೆ ಇದ್ದರೆ, ವಹಿವಾಟಿನ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ, ಅದೂ ಗ್ರಾಹಕರು ಕೇಳುವವರೆಗೆ ಕಾಯದೆ. ದಿನವೆಂದರೆ ಕ್ಯಾಲೆಂಡರಿನ ದಿನ. ಮಾರ್ಚ್ 14ರ ಕಡಿತ ಮಾರ್ಚ್ 19ರೊಳಗೆ ಹಿಂತಿರುಗಬೇಕಿತ್ತು. ಅದು 27ರಂದು ಬಂದರೆ ಎಂಟು ದಿನ ತಡ, ಪರಿಹಾರ ₹800. ಇಲ್ಲಿ ಸಾಕ್ಷ್ಯವಾಗುವುದು ರಸೀದಿ ಇಲ್ಲದಿರುವಿಕೆ ಎಂಬುದು ಈ ನಿಯಮದ ಸ್ವಾರಸ್ಯ.

ಆದರೆ ಇದರಲ್ಲೊಂದು ತೊಡಕೂ ಇದೆ. ಕಾಗದದ ಕಾಲದಲ್ಲಿ ಸ್ಲಿಪ್ ಹುಟ್ಟಲಿಲ್ಲ ಎಂಬುದೂ ಗ್ರಾಹಕರ ಕೈಗೆ ಬರಲಿಲ್ಲ ಎಂಬುದೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಈಗ ಹಾಗಲ್ಲ. ವಹಿವಾಟು ಯಶಸ್ವಿಯಾಗಿ ಸ್ಲಿಪ್ ಹುಟ್ಟಿದ್ದರೂ ಅಂಗಡಿಯವರು ಮೊಬೈಲ್ ಸಂಖ್ಯೆ ತಪ್ಪಾಗಿ ಒತ್ತಿರಬಹುದು, ಎಸ್‌ಎಂಎಸ್ ತಲುಪದಿರಬಹುದು. ಆದ್ದರಿಂದ ‘ನನಗೆ ರಸೀದಿ ಬಂದಿಲ್ಲ’ ಎಂಬ ಮಾತಿನಿಂದ ದೂರು ಗಟ್ಟಿಯಾಗುವುದಿಲ್ಲ. ಯಂತ್ರದಲ್ಲಿ ಆ ದಿನದ ವಹಿವಾಟುಗಳ ಪಟ್ಟಿ ತೆಗೆಯಬಹುದು. 6.39ರ ಹೊತ್ತಿನಲ್ಲಿ ಯಶಸ್ವಿ ವಹಿವಾಟಿಲ್ಲ, 6.42ಕ್ಕೆ ಇದೆ ಎಂದು ತೋರಿಸುವ ಆ ಪಟ್ಟಿಯ ಚಿತ್ರವನ್ನು ಅಂಗಡಿಯವರಿಂದ ಅಲ್ಲೇ ಪಡೆದರೆ ಕೆಲಸ ಸುಲಭ. ಬ್ಯಾಂಕಿಗೆ ಬರೆಯುವಾಗ ಸ್ಟೇಟ್‌ಮೆಂಟಿನಲ್ಲಿರುವ ಎರಡೂ ಉಲ್ಲೇಖ ಸಂಖ್ಯೆಗಳನ್ನು ಕೊಟ್ಟು, ರಸೀದಿಯಲ್ಲಿರುವ `507318004471` ಸರಿಯಾದ ವಹಿವಾಟು, ಇನ್ನೊಂದಕ್ಕೆ ಸ್ಲಿಪ್ ಹುಟ್ಟಿಲ್ಲ ಎಂದು ಸ್ಪಷ್ಟವಾಗಿ ಬೇರ್ಪಡಿಸಬೇಕು. ಎರಡರ ಮೊತ್ತವೂ ಒಂದೇ, ದಿನವೂ ಒಂದೇ ಆದ್ದರಿಂದ ಬ್ಯಾಂಕಿನ ಸಿಬ್ಬಂದಿ ಯಶಸ್ವಿಯಾದದ್ದನ್ನೇ ನೋಡಿ ‘ವಹಿವಾಟು ಸರಿಯಾಗಿದೆ’ ಎಂದು ದೂರು ಮುಚ್ಚುವ ಸಂಭವವಿದೆ. ಸಂಖ್ಯೆ ಕೊಟ್ಟರೆ ಅದಕ್ಕೆ ಅವಕಾಶವಿಲ್ಲ.

ಕಾನೂನಿನ ಮುಂದೆ

ಫೋನಿನಲ್ಲಿ ಕಾಣುವ ರಸೀದಿಯ ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು, ಹೊಸದಾಗಿ ತಯಾರಿಸಲೂಬಹುದು. ಹಾಗಾಗಿ ಚಿತ್ರದ ಬೆಲೆ ಅದರ ಅಂದದಿಂದ ಬರುವುದಿಲ್ಲ. ಅದರೊಳಗಿನ ಸಂಖ್ಯೆಗಳನ್ನು ಹಿಡಿದು ಹೋದರೆ ಬ್ಯಾಂಕುಗಳಲ್ಲಿ ಹೊಂದುವ ದಾಖಲೆ ಸಿಗುತ್ತದೆಯೋ ಇಲ್ಲವೋ ಎಂಬುದರಿಂದ ಬರುತ್ತದೆ. ಅಂಗಡಿಯವರಿಗೂ ಇದೇ ಮಾತು ಅನ್ವಯ. ಗ್ರಾಹಕರು ತಮ್ಮ ಫೋನಿನಲ್ಲಿ ತೋರಿಸುವ ರಸೀದಿಯನ್ನು ನೋಡಿ ಸರಕು ಕೊಡಬಾರದು, ತಮ್ಮ ಯಂತ್ರದ ಪರದೆಯನ್ನು ನೋಡಿ ಕೊಡಬೇಕು.

ನ್ಯಾಯಾಲಯದಲ್ಲಿ ಡಿಜಿಟಲ್ ದಾಖಲೆಗೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅನ್ವಯಿಸುತ್ತದೆ. ಅದಕ್ಕೆ ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇತ್ತು. ಮೂಲ ಸಾಧನವನ್ನೇ ಹಾಜರುಪಡಿಸದೆ ಪ್ರತಿಯನ್ನು ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು ಎಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಹೊಸ ಕಾನೂನಿನ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಒಂದನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಗುರುತು. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಅದು ಬೇರೆಯಾಗುತ್ತದೆ. ಈ ಕಾರಣಕ್ಕೇ ಲಿಂಕಿನಿಂದ ರಸೀದಿಯ ಪಿಡಿಎಫ್ ಇಳಿಸಿಕೊಂಡು ಹಾಗೇ ಇಟ್ಟುಕೊಳ್ಳುವುದು, ಸ್ಕ್ರೀನ್‌ಶಾಟ್ ತೆಗೆದು ಕತ್ತರಿಸಿ ವಾಟ್ಸ್ಆ್ಯಪಿನಲ್ಲಿ ಕಳಿಸಿ ಇಟ್ಟುಕೊಳ್ಳುವುದಕ್ಕಿಂತ ಮೇಲು. ಲಿಂಕ್ ಬಂದ ಎಸ್‌ಎಂಎಸ್ಸನ್ನೂ ಅಳಿಸಬಾರದು, ಅದು ಬಂದ ಸಮಯ ರಸೀದಿಗೆ ಇನ್ನೊಂದು ಆಧಾರ. ಬ್ಯಾಂಕಿನ ಸ್ಟೇಟ್‌ಮೆಂಟಿಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಬಲವಿದೆ: ಬ್ಯಾಂಕ್ ದೃಢೀಕರಿಸಿದ ನಕಲು ಮೂಲ ಪುಸ್ತಕದ ನಮೂದಿಗೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಗ್ರಾಹಕ ಆಯೋಗಗಳು ಸಾಕ್ಷ್ಯ ಕಾಯ್ದೆಯ ವಿಧಿಗಳನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಮಿಕ್ಸಿಯ ಮಟ್ಟದ ವ್ಯಾಜ್ಯದಲ್ಲಿ ಬಿಲ್ಲು, ರಸೀದಿ, ಸ್ಟೇಟ್‌ಮೆಂಟ್ ಮೂರೂ ತಾಳೆಯಾದರೆ ಹೆಚ್ಚಾಗಿ ಸಾಕಾಗುತ್ತದೆ.

ರಸೀದಿಗಾಗಿ ಕೊಟ್ಟ ಮೊಬೈಲ್ ಸಂಖ್ಯೆಯ ವಿಷಯ ಉಳಿಯಿತು. ಕಾಗದದ ಚೀಟಿಗೆ ಗ್ರಾಹಕರು ಏನನ್ನೂ ಕೊಡಬೇಕಿರಲಿಲ್ಲ. ಡಿಜಿಟಲ್ ಚೀಟಿಗೆ ತಮ್ಮ ಸಂಖ್ಯೆ ಕೊಡಬೇಕು, ಅದರ ಹಿಂದೆಯೇ ಹಬ್ಬದ ರಿಯಾಯಿತಿಯ ಸಂದೇಶಗಳು ಬರತೊಡಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂ ಕೊಡುವ ದೃಷ್ಟಾಂತವೇ ಇಂಥದ್ದು: ಔಷಧದ ಅಂಗಡಿಯಲ್ಲಿ ಖರೀದಿ ಮಾಡಿದವರು, ಹಣ ಸಂದಾಯವಾದ ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ತಾವಾಗಿ ಸಂಖ್ಯೆ ಕೊಟ್ಟರೆ, ಅಂಗಡಿಯವರು ಆ ರಸೀದಿ ಕಳಿಸುವ ಉದ್ದೇಶಕ್ಕೆ ಅದನ್ನು ಬಳಸಬಹುದು. ಸಂಖ್ಯೆ ಕೊಡಲು ಮನಸ್ಸಿಲ್ಲದವರು ಕಾಗದದ ಚೀಟಿಯನ್ನೇ ಕೇಳಬಹುದು. ಮುದ್ರಣದ ಸೌಲಭ್ಯವಿಲ್ಲದ ಚಿಕ್ಕ ಯಂತ್ರವಾದರೆ ಪರದೆಯ ಮೇಲಿನ ಉಲ್ಲೇಖ ಸಂಖ್ಯೆ, ಅಪ್ರೂವಲ್ ಕೋಡ್ ಮತ್ತು ಯಂತ್ರದ ಸಂಖ್ಯೆಯನ್ನು ಅಂಗಡಿಯ ಬಿಲ್ಲಿನ ಮೇಲೆ ಬರೆಸಿಕೊಂಡರೆ, ತಕರಾರಿನ ದಿನ ಹುಡುಕಲು ಬೇಕಾಗುವುದೆಲ್ಲ ಅಲ್ಲಿರುತ್ತದೆ.